ಟಿವಿ ಗೋಡೆ: ಹಲಗೆಗಿಂತ ಮೊದಲು ಪೈಪು

ಪ್ರಶ್ನೆ: ನಮ್ಮ ಹಾಲ್‌ನ ಗೋಡೆ 10 ಅಡಿ ಅಗಲ. 55 ಇಂಚಿನ ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಇವೆ. ವೈರು ಕಾಣಬಾರದು, ಕಪಾಟೂ ಬೇಕು, ಗೊಂಬೆ ಇಡಲು ಜಾಗವೂ ಬೇಕು. ಪ್ಲೈವುಡ್ ಹೊಡೆದು ವೈರನ್ನು ಅದರ ಹಿಂದೆ ಬಿಟ್ಟರಾಯಿತು ಅನ್ನುತ್ತಾರೆ ಬಡಗಿ. ಸರಿಯೇ?

ಉತ್ತರ: ಇವತ್ತಿಗೆ ಸರಿ. ಆದರೆ ಎಚ್‌ಡಿಎಂಐ ಕೇಬಲ್ ಕೆಟ್ಟ ದಿನ ಹಲಗೆ ಕೀಳಬೇಕಾಗುತ್ತದೆ. ಟಿವಿಯ ಹಿಂಬದಿಯಿಂದ ಕೆಳಗಿನ ಕಪಾಟಿನೊಳಕ್ಕೆ 50 ಮಿ.ಮೀ. ಪಿವಿಸಿ ಪೈಪು ನೇರವಾಗಿ ಇಳಿಸಿಬಿಡಿ. ತೆಳು ಪೈಪಿನಲ್ಲಿ ಕೇಬಲ್ ಹೋದರೂ ಅದರ ತಲೆ ಸಿಕ್ಕಿಕೊಳ್ಳುತ್ತದೆ. ತಿರುವು ಬೇಕೇ ಬೇಕೆಂದರೆ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯವು ಎರಡು ಹಾಕಿಸಿ. ಒಳಗೊಂದು ನೈಲಾನ್ ದಾರ ಬಿಟ್ಟಿರಿ. ಮುಂದೆ ಹೊಸ ಕೇಬಲನ್ನು ಅದಕ್ಕೇ ಕಟ್ಟಿ ಎಳೆಯಬಹುದು. ಕರೆಂಟಿನ ವೈರಿಗೆ ಬೇರೆ ಪೈಪು ಇರಲಿ. ಟಿವಿ ಹಿಂದಿನ ಸಾಕೆಟ್ಟು ಬ್ರಾಕೆಟ್ಟಿನ ಜಾಗ ತಪ್ಪಿಸಿ, ಒಂದು ಪಕ್ಕಕ್ಕೆ ಬರಲಿ.

ಪೈಪು ಹಿಡಿಸಲು ಹಲಗೆಯನ್ನು ಗೋಡೆಯಿಂದ 2 ಇಂಚು ಮುಂದೆ, ರೀಪಿನ ಮೇಲೆ ಕೂರಿಸುತ್ತಾರೆ. ಎಡವುವುದು ಇಲ್ಲೇ. ಹಿಂದೆ ಟೊಳ್ಳಿರುವ ಹಲಗೆಗೆ ಬ್ರಾಕೆಟ್ ಬಿಗಿದರೆ ಪ್ಲೈ ಒಳಕ್ಕೆ ಬಾಗಿ ಟಿವಿ ವಾಲುತ್ತದೆ. ಬ್ರಾಕೆಟ್ ಬರುವಲ್ಲಿ ರೀಪಿನಷ್ಟೇ ದಪ್ಪದ ಗಟ್ಟಿ ಮರದ ತುಂಡು ಕೊಡಿಸಿ. ಹಲಗೆ, ಮರ, ಗಾರೆ ಎಲ್ಲ ದಾಟಿ ಬೋಲ್ಟು ಇಟ್ಟಿಗೆಗೆ 2 ಇಂಚಾದರೂ ಇಳಿಯಬೇಕು; ಲೆಕ್ಕ ಹಾಕಿದರೆ ಸುಮಾರು ಐದೂವರೆ ಇಂಚಿನ ಬೋಲ್ಟು. ಬ್ರಾಕೆಟ್ ಜೊತೆ ಬರುವ ಗಿಡ್ಡ ಸ್ಕ್ರೂ ಇದಕ್ಕೆ ಸಾಲದು.

ಇನ್ನು ಅಳತೆ. ಕೆಳಗಿನ ಕಪಾಟು ಗೋಡೆಯುದ್ದಕ್ಕೂ ಇರಲಿ: ಆಳ 16 ಇಂಚು, ಮೇಲ್ಮೈ ನೆಲದಿಂದ 20 ಇಂಚು. ಟಿವಿಯ ನಡುಭಾಗ ಸುಮಾರು 42 ಇಂಚು ಎತ್ತರಕ್ಕೆ ಬಂದರೆ ಅದರ ಕೆಳಅಂಚು 28ಕ್ಕೆ ನಿಲ್ಲುತ್ತದೆ, ನಡುವೆ ಸೌಂಡ್‌ಬಾರ್ ಕೂರುತ್ತದೆ. ನಿಮ್ಮ ಟಿವಿ ಹೆಚ್ಚುಕಡಿಮೆ 49 ಇಂಚು ಅಗಲ. ಹಲಗೆ 60 ಇಂಚು ಸಾಕು. ಎರಡು ಬದಿಯಲ್ಲೂ ಎರಡೂವರೆ ಅಡಿ ಉಳಿಯುತ್ತದೆ. ಒಂದು ಬದಿ ಪೂರ್ತಿ ಬಾಗಿಲಿನ ಕಪಾಟು ಮಾಡಿಸಿ, ಇನ್ನೊಂದು ಬದಿ 10 ಇಂಚು ಆಳದ ತೆರೆದ ಶೆಲ್ಫು. ಎರಡೂ ಬದಿ ತೆರೆದಿಟ್ಟರೆ ಗೊಂಬೆಗಿಂತ ಬೇಗ ಚಾರ್ಜರು, ಔಷಧಿ ಚೀಟಿ, ಕರೆಂಟ್ ಬಿಲ್ಲು ಅಲ್ಲಿ ಬಂದು ಕೂರುತ್ತವೆ. ಶೆಲ್ಫಿಗೆ 18 ಮಿ.ಮೀ. ಪ್ಲೈ ಹಾಕಿಸಿ, ಎರಡೂವರೆ ಅಡಿಗಿಂತ ಉದ್ದ ಬಿಟ್ಟರೆ ಪುಸ್ತಕದ ಭಾರಕ್ಕೆ ನಡುವೆ ಜಗ್ಗುತ್ತದೆ.

ಸೆಟ್‌ಟಾಪ್ ಬಾಕ್ಸನ್ನು ಮರದ ಬಾಗಿಲ ಹಿಂದಿಟ್ಟರೆ ರಿಮೋಟ್ ಕೆಲಸ ಮಾಡದು, ಪೆಟ್ಟಿಗೆಯೂ ಬಿಸಿಯಾಗುತ್ತದೆ. ಆ ಒಂದು ಖಾನೆಗೆ ಮಾತ್ರ ಕಂದು ಗಾಜಿನ ಬಾಗಿಲು ಸಾಕು. ಬಿಸಿಗಾಳಿಗೆ ಅದರ ಹಿಂಬದಿ ಹಲಗೆಯಲ್ಲಿ ಕೆಳಗೊಂದು, ಮೇಲೊಂದು 2 ಇಂಚಿನ ತೂತು ಕೊರೆಸಿ, ಅವು ಗೋಡೆಗೆ ಮುಚ್ಚಿಹೋಗದಂತೆ ಹಿಂದೆ ಅಷ್ಟೇ ಜಾಗ ಬಿಡಿಸಿ.