ಸ್ಕ್ಯಾನ್ ಸ್ಲೈಡ್‌ನಲ್ಲಿ ಕಳೆದುಹೋದ ಚುಕ್ಕಿ

"ಮಂಡ್ಯದ ತರಬೇತಿಯಲ್ಲಿ ಕೊಟ್ಟ ಸ್ಲೈಡ್ ಬರೀ ಸ್ಕ್ಯಾನ್ ಚಿತ್ರ. ಟೆಸರಾಕ್ಟ್ ಸಾಫ್ಟ್‌ವೇರ್‌ನಿಂದ ಚಿತ್ರದ ಪಠ್ಯ ತೆಗೆದು ಸಾರಾಂಶ ಬರೆದೆ. ಕೆಆರ್‌ಎಸ್ ಗರಿಷ್ಠ ಮಟ್ಟ 12480 ಅಡಿ ಅಂತ ಬಂದಿದೆ. ಏನು ಮಾಡಲಿ?"

ಅದು 124.80 ಅಡಿ, ಚುಕ್ಕಿ ಹೋಗಿದೆ ಅಷ್ಟೆ. ಮಸುಕಾದ ಸ್ಕ್ಯಾನ್‌ನಲ್ಲಿ ಚುಕ್ಕಿ ಒಂದೆರಡು ಪಿಕ್ಸೆಲ್ ಮಾತ್ರ ಇರುತ್ತದೆ. ಸಾಫ್ಟ್‌ವೇರ್ ಅದನ್ನು ಕಸ ಅಂದುಕೊಳ್ಳುತ್ತದೆ. ಮೊದಲು ಚಿತ್ರದ ಗುಣಮಟ್ಟ ನೋಡಿ:

```
pdfimages -list slides.pdf
```

`x-ppi` ಕಾಲಂನಲ್ಲಿ 300ರ ಆಸುಪಾಸು ಇದ್ದರೆ ಸರಿ. 100 ಇದ್ದರೆ ಸುಮ್ನೆ ಹಿಗ್ಗಿಸಿ ಪ್ರಯೋಜನವಿಲ್ಲ, ಹೋದ ಚುಕ್ಕಿ ವಾಪಸ್ ಬರಲ್ಲ. ಮೂಲ ಫೈಲ್ ಕೇಳಿ, ಇಲ್ಲವಾದರೆ 300ರಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ. ಆಮೇಲೆ ಟೆಸರಾಕ್ಟ್‌ಗೆ ಭಾಷೆ `-l kan+eng` ಅಂತ ಕೊಡಿ.

ಈ ತಪ್ಪು ಸಿಕ್ಕಿದ್ದು ಅಣೆಕಟ್ಟೆಯ ಮಟ್ಟ ಮಂಡ್ಯದವರಿಗೆಲ್ಲ ಬಾಯಿಪಾಠ ಆಗಿರೋದರಿಂದ, ಅಲ್ವಾ? ಅದೇ ಸ್ಲೈಡ್‌ನಲ್ಲಿ ಒಂದು ನಾಲೆಯ ಹರಿವು 235 ಅಂತ ಬಂದಿದ್ದರೆ? 23.5 ಇರಬಹುದು, 2.35 ಕೂಡ ಇರಬಹುದು. ನೋಡಿದರೆ ಅನುಮಾನವೇ ಬರಲ್ಲ. ಹಾಗಾಗಿ ಸಾರಾಂಶಕ್ಕೆ ಹೋಗುವ ಪ್ರತಿ ಅಂಕಿಯನ್ನೂ ಚಿತ್ರದ ಪಕ್ಕ ಇಟ್ಟು ನೋಡಿ. ಅಕ್ಷರದ ತಪ್ಪಿಗೆ ಇಷ್ಟು ಹೆದರಬೇಕಿಲ್ಲ. 'ಮಂಡ್ಯ' ಒತ್ತು ಕಳೆದುಕೊಂಡು 'ಮಂಡಯ' ಆದರೂ ಓದುವವರಿಗೆ ತಿಳಿಯುತ್ತದೆ.

ಚಿತ್ರದಲ್ಲೂ ಕಾಣದಿದ್ದರೆ ಊಹಿಸಬೇಡಿ. 'ಸ್ಲೈಡ್ 7: ಅಂಕಿ ಸ್ಪಷ್ಟವಿಲ್ಲ' ಅಂತ ಬರೆಯಿರಿ. 'ಕಳೆದ ವರ್ಷಕ್ಕಿಂತ ಕಡಿಮೆ' ಅಂತ ಇದ್ದು ಯಾವ ವರ್ಷ ಅಂತ ಇಲ್ಲದಿದ್ದರೂ ಹಾಗೇ ಬಿಡಿ. ಆ ವರ್ಷವನ್ನು ಭಾಷಣ ಮಾಡಿದವರು ಬಾಯಲ್ಲಿ ಹೇಳಿರಬಹುದು. ತರಬೇತಿಗೆ ಬಂದಿದ್ದ ಯಾರದಾದರೂ ನೋಟ್‌ಬುಕ್‌ನಲ್ಲಿ ಸಿಗಬಹುದು.