ತಿಂಗಳ ಕೊನೆಯ ತಾರೀಖು 28ಕ್ಕೇ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಬೆಳಗಾವಿ ಅಂಗಡಿ ಬಾಡಿಗೆ ತಿಂಗಳ ಕೊನೆ ದಿನ ಕಟ್ಟಬೇಕ್ರಿ. ಶೀಟಿನ್ಯಾಗ ಫೆಬ್ರವರಿ ಆದಮ್ಯಾಗ ತಾರೀಖು 28ಕ್ಕೇ ನಿಲ್ಲತೈತಿ, ಯಾಕ?

ಉತ್ತರ: ನೀವು ಹಿಂದಿನ ಗಡುವಿಗೇ ಒಂದು ತಿಂಗಳು ಕೂಡಿಸುತ್ತಿದ್ದೀರಿ. 31-01-2025ಕ್ಕೆ ಒಂದು ತಿಂಗಳು ಕೂಡಿಸಿದರೆ 28-02-2025 ಬರುತ್ತದೆ. ಅದಕ್ಕೆ ಮತ್ತೊಂದು ಕೂಡಿಸಿದರೆ 28-03. ಕಳೆದುಹೋದ 31 ಮರಳಿ ಬರುವುದಿಲ್ಲ. ಹಾಗಾಗಿ ಯಾವಾಗಲೂ ಮೊದಲ ತಾರೀಖಿನಿಂದಲೇ ಎಣಿಸಿ. B2ರಲ್ಲಿ 31-01-2025, C2ರಲ್ಲಿ ಎಷ್ಟು ತಿಂಗಳಿಗೊಮ್ಮೆ (1), D2ರಲ್ಲಿ ಈವರೆಗೆ ಕಟ್ಟಿದ ಕಂತುಗಳು, E2ರಲ್ಲಿ:

```
=EDATE(B2,C2*D2)
```

D2 2 ಆದರೆ 31-03-2025 ಸರಿಯಾಗಿ ಬರುತ್ತದೆ. 45747 ಅಂತ ಕಂಡರೆ ಗಾಬರಿ ಬೇಡ, ಸೆಲ್ಲಿನ ಫಾರ್ಮ್ಯಾಟ್ ತಾರೀಖಿಗೆ ಬದಲಿಸಿ. ಮೂರು ದಿನ ಮೊದಲೇ ನೆನಪಿಸಲು F2ರಲ್ಲಿ:

```
=IF(E2<=TODAY()+3,"ಕಟ್ಟಿ","")
```

ಕಟ್ಟಿದ ಮೇಲೆ D2ಗೆ ಒಂದು ಕೂಡಿಸಿ. ಮರೆತರೆ "ಕಟ್ಟಿ" ಹಾಗೇ ಉಳಿಯುತ್ತದೆ.