ಗಡ್ಡ ತೆಗೆಯದೆ ಮಾಸ್ಕ್ ಹಾಕಬಹುದಾ?

"ಧರ್ಮದ ಪ್ರಕಾರ ಗಡ್ಡ ಬಿಟ್ಟಿದ್ದೇನೆ. ಹೊಸ ಕೆಲಸದಲ್ಲಿ ದೂಳಿನ ವಿಭಾಗಕ್ಕೆ ಹಾಕಿದ್ದಾರೆ. ಮಾಸ್ಕ್ ಹಾಕಲು ಗಡ್ಡ ಬೋಳಿಸಲೇಬೇಕು ಅಂತಿದ್ದಾರೆ. ಬೇರೆ ದಾರಿ ಇದೆಯಾ?"

ಇದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಮಾಡೋದೇ ನನ್ನ ಕೆಲಸ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಅವರ ಮಾತು ಬರೀ ನೆಪ ಅಲ್ಲ.

ಎನ್95, ಅರ್ಧ ಮುಖದ ರಬ್ಬರ್ ಮಾಸ್ಕ್, ಇವೆಲ್ಲ ಅಂಚು ಚರ್ಮಕ್ಕೆ ಒತ್ತಿ ಕೂತರೆ ಮಾತ್ರ ಕೆಲಸ ಮಾಡುತ್ತವೆ. ಅಂಚಿನ ಕೆಳಗೆ ಕೂದಲಿದ್ದರೆ ಗಾಳಿ ಫಿಲ್ಟರ್ ಬಿಟ್ಟು ಆ ಸಂದಿಯಿಂದಲೇ ನುಗ್ಗುತ್ತದೆ. ಪರೀಕ್ಷೆಯಲ್ಲಿ ಮಾಸ್ಕ್ ಹಾಕಿದವರ ತಲೆಗೆ ಒಂದು ಹುಡ್ ಹಾಕಿ, ಅದರೊಳಗೆ ಸ್ಯಾಕರಿನ್ ದ್ರಾವಣ ಸಿಂಪಡಿಸುತ್ತೇವೆ. ತಲೆ ಆಡಿಸಿ, ಬಗ್ಗಿ, ಜೋರಾಗಿ ಓದಿ ಅನ್ನುತ್ತೇವೆ. ನಾಲಿಗೆಗೆ ಸಿಹಿ ತಗುಲಿತೋ, ಫೇಲ್. ಅಮೆರಿಕದ ನಿಯಮದಲ್ಲಂತೂ ಅಂಚಿನ ಕೆಳಗೆ ಕುರುಚಲು ಗಡ್ಡ ಇದ್ದರೂ ಪರೀಕ್ಷೆ ಶುರು ಮಾಡುವ ಹಾಗಿಲ್ಲ.

ಆದರೆ ಎಲ್ಲ ಮಾಸ್ಕೂ ಹೀಗಿಲ್ಲ ಅಲ್ವಾ. ಪಿಎಪಿಆರ್ ಅಂತ ಒಂದು ಸಾಧನ ಇದೆ. ಸೊಂಟಕ್ಕೆ ಬ್ಯಾಟರಿ ಫ್ಯಾನ್ ಮತ್ತು ಫಿಲ್ಟರ್ ಕಟ್ಟಿಕೊಳ್ಳಬೇಕು. ಅಲ್ಲಿಂದ ಕೊಳವೆಯಲ್ಲಿ ಶುದ್ಧ ಗಾಳಿ ತಲೆಯ ಹುಡ್‌ಗೆ ಬರುತ್ತದೆ. ಒಳಗಿನ ಗಾಳಿ ಸದಾ ಹೊರಗೆ ತಳ್ಳುತ್ತಿರುವುದರಿಂದ ಅಂಚು ಚರ್ಮಕ್ಕೆ ಅಂಟಬೇಕಿಲ್ಲ. ಸಡಿಲ ಹುಡ್ ಇರುವಂಥದ್ದೇ ಕೇಳಿ, ಬಿಗಿ ಮುಖವಾಡ ಇರುವ ಪಿಎಪಿಆರ್‌ಗೂ ಗಡ್ಡ ಅಡ್ಡಿಯೇ. ರಕ್ಷಣೆಯೂ ಕಮ್ಮಿ ಅಲ್ಲ. ಅಮೆರಿಕದ ಲೆಕ್ಕದಲ್ಲಿ ಅರ್ಧ ಮುಖದ ಮಾಸ್ಕ್‌ಗೆ 10 ಅಂಕ, ಸಡಿಲ ಹುಡ್‌ಗೆ ಕನಿಷ್ಠ 25. ದುಬಾರಿ, ಭಾರ, ಫ್ಯಾನ್ ಸದ್ದು ಬೇರೆ. ಬ್ಯಾಟರಿ ಸತ್ತರೆ ತಕ್ಷಣ ಹೊರಗೆ ಬರಬೇಕು.

ನೀವು ಹೀಗೆ ಮಾಡಿ. ಯಾವ ದೂಳು, ಎಷ್ಟು ಪ್ರಮಾಣ, ಅದಕ್ಕೆ ಯಾವ ಮಾಸ್ಕ್ ಬೇಕು ಅಂತ ಸುರಕ್ಷತಾ ವಿಭಾಗಕ್ಕೆ ಬರೆದು ಕೇಳಿ. ಅದೇ ಪತ್ರದಲ್ಲಿ, ಗಡ್ಡ ಧರ್ಮಕ್ಕಾಗಿ ಬಿಟ್ಟಿದ್ದು, ಸಡಿಲ ಹುಡ್‌ನ ಪಿಎಪಿಆರ್ ಕೊಡಿ ಅಂತ ಬರೆಯಿರಿ. ಬಾಯಿ ಮಾತಲ್ಲಿ ಬಿಡಬೇಡಿ. ಬರೆದು ಕೇಳಿದರೆ ಆಗಲ್ಲ ಅನ್ನುವವರೂ ಕಾರಣ ಬರೆಯಬೇಕಾಗುತ್ತದೆ.

ಚರ್ಮದ ಕಾಯಿಲೆ ಅಂತ ಅಲ್ಲಿ ಬೇರೆ ಯಾರಿಗಾದರೂ ಗಡ್ಡ ಬಿಡಲು ಅನುಮತಿ ಇದೆಯಾ ಅಂತಲೂ ವಿಚಾರಿಸಿ. 1999ರಲ್ಲಿ ಅಮೆರಿಕದ ನೆವಾರ್ಕ್ ಪೊಲೀಸ್ ಇಲಾಖೆ ಸೋತಿದ್ದು ಇಲ್ಲೇ. ವೈದ್ಯಕೀಯ ಕಾರಣಕ್ಕೆ ಗಡ್ಡ ಬಿಡಲು ಒಪ್ಪಿದ ಇಲಾಖೆ ಇಬ್ಬರು ಮುಸ್ಲಿಂ ಅಧಿಕಾರಿಗಳಿಗೆ ಒಪ್ಪಲಿಲ್ಲ. ಅದು ಸರಿಯಲ್ಲ ಅಂತ ಕೋರ್ಟ್ ಹೇಳಿತು. ಇಂಥ ತಾರತಮ್ಯ ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೂದಲು ಕಾಯಿಲೆಗೆ ಬೆಳೆದರೂ ಧರ್ಮಕ್ಕೆ ಬೆಳೆದರೂ ಗಾಳಿ ನುಗ್ಗುವುದು ಒಂದೇ ಥರ.

ಒಂದು ಕಡೆ ಮಾತ್ರ ಹಟ ಬೇಡ. ಆಮ್ಲಜನಕ ಕಮ್ಮಿ ಇರುವ ಟ್ಯಾಂಕ್, ತಕ್ಷಣ ಜೀವ ತೆಗೆಯುವ ಅನಿಲ ಇರುವ ಜಾಗಕ್ಕೆ ಪಿಎಪಿಆರ್ ಸಾಲದು. ಅಲ್ಲಿ ಬೇರೆ ಕಡೆಯಿಂದ ಶುದ್ಧ ಗಾಳಿ ಪೂರೈಸುವ, ಬಿಗಿಯಾಗಿ ಕೂರುವ ಪೂರ್ಣ ಮುಖವಾಡವೇ ಬೇಕು. ಅಂಥ ಕೆಲಸ ಬಿಟ್ಟು ಬೇರೆ ಕೆಲಸ ಕೊಡಿ ಅಂತ ಕೇಳಿ.